ಕೆಲಸ ತೋರಿಸಿ, ಗ್ರಾಹಕರ ಗುಟ್ಟು ಬೇಡ

ಸೈಬರ್ ಸೆಕ್ಯುರಿಟಿ ಅನಲಿಸ್ಟ್ ಒಬ್ಬರ ರೆಸ್ಯೂಮೆಯಲ್ಲಿ ಈ ಸಾಲಿದೆ ಅಂದುಕೊಳ್ಳಿ: ‘ಇಂಥ ಬ್ಯಾಂಕಿನ ಇಮೇಲ್ ಗೇಟ್‌ವೇಯ ಹಳೇ ಆವೃತ್ತಿಯನ್ನು ದಾಟಿ ಬಂದ ಫಿಶಿಂಗ್ ದಾಳಿ ತಡೆದೆ.’ ಗ್ರಾಹಕರ ಹೆಸರು, ಉಪಕರಣದ ಆವೃತ್ತಿ, ಅದರ ದೌರ್ಬಲ್ಯ, ಮೂರೂ ಒಂದೇ ಸಾಲಲ್ಲಿ ಹೊರಬಿದ್ದವು. ಓದುವ ಮ್ಯಾನೇಜರ್‌ಗೆ ನಾಳೆ ನಮ್ಮ ಗುಟ್ಟನ್ನೂ ಹೀಗೇ ಬರೆದಾರು ಅನ್ನಿಸುತ್ತದೆ.

ಅದನ್ನೇ ಹೀಗೆ ಬರೆಯಿರಿ: ‘ಹಣಕಾಸು ಕ್ಷೇತ್ರದ ಗ್ರಾಹಕರಲ್ಲಿ, ಫಿಶಿಂಗ್‌ನಿಂದ ಕದ್ದ ಲಾಗಿನ್ ಬಳಕೆಯಾಗುತ್ತಿದ್ದುದನ್ನು ಸೀಮ್ ಅಲರ್ಟ್ ನೋಡಿ ಗುರುತಿಸಿದೆ. ಸೆಷನ್‌ಗಳನ್ನು ರದ್ದುಪಡಿಸಿ, ಪಾಸ್‌ವರ್ಡ್ ಬದಲಾಯಿಸಿ, ದಾಳಿಕೋರರು ಮೇಲ್‌ಬಾಕ್ಸ್‌ನಲ್ಲಿ ಹಾಕಿದ್ದ ಫಾರ್ವರ್ಡಿಂಗ್ ರೂಲ್ ತೆಗೆದೆ. ಅಂಥದ್ದನ್ನು ಹಿಡಿಯಲು ಹೊಸ ಡಿಟೆಕ್ಷನ್ ರೂಲ್ ಬರೆದೆ.’

ಆ ಫಾರ್ವರ್ಡಿಂಗ್ ರೂಲ್ ಇದೆಯಲ್ಲ, ಇಡೀ ಸಾಲಿನ ಜೀವ ಅದೇ. ಪಾಸ್‌ವರ್ಡ್ ಬದಲಾದರೂ ಅದು ಉಳಿದು, ಮೇಲ್ ಹೊರಗೆ ಹೋಗುತ್ತಲೇ ಇರುತ್ತದೆ. ಅದನ್ನು ಹುಡುಕಿ ತೆಗೆದಿದ್ದೀರಿ ಅಂದರೆ ಕೈಯಾರೆ ಕೆಲಸ ಮಾಡಿದ್ದೀರಿ ಅಂತ ಅರ್ಥ. ಯಾರ ಗುಟ್ಟೂ ಹೊರಬೀಳುವುದಿಲ್ಲ.

ಸ್ಪ್ಲಂಕ್, ಸೆಂಟಿನೆಲ್ ಹೆಸರುಗಳು ಕೌಶಲಗಳ ಭಾಗದಲ್ಲಿರಲಿ, ಗ್ರಾಹಕರ ಪಕ್ಕದಲ್ಲಿ ಬೇಡ. ಸೆಕ್ಯುರಿಟಿ ಪ್ಲಸ್ ಸರ್ಟಿಫಿಕೇಟ್ 3 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಅವಧಿಯನ್ನೂ ಪರಿಶೀಲನೆಯ ಲಿಂಕನ್ನೂ ಕೊಡಿ. ಸಂಸ್ಥೆ ತಾನೇ ಬಹಿರಂಗಪಡಿಸದ ದಾಳಿಯಾದರೆ, ಅದು ನಡೆದ ತಿಂಗಳನ್ನೂ ಬರೆಯಬೇಡಿ.