ಪ್ಯಾಕೆಟ್ ಒಂದೇ, ಫೋಟೋದಲ್ಲಿ ಮಾತ್ರ ಮೂರು ಸೈಜು

ಕಳಸದ ಕಡೆಯ ಗೆಳೆಯನೊಬ್ಬ ಮಳೆಗಾಲದ ರಜೆಯಲ್ಲಿ ಮೂರು ಫೋಟೋ ಕಳಿಸಿದ. ಅವರ ಮನೆಯಲ್ಲಿ ಸ್ವಂತ ತೋಟದ ಕಾಫಿಯನ್ನೇ ಹುರಿಸಿ, ಪುಡಿ ಮಾಡಿಸಿ, ಪೌಚಿಗೆ ತುಂಬಿ ಆನ್‌ಲೈನ್‌ನಲ್ಲಿ ಮಾರೋಕೆ ಶುರು ಮಾಡಿದ್ದರು. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ. ಜೊತೆಗೆ ಒಂದು ಸಾಲು: "ಮಾರಾಯ, ಮೂರನ್ನೂ ಪಕ್ಕಪಕ್ಕ ಇಟ್ರೆ ಮೂರು ಬೇರೆ ಪ್ಯಾಕೆಟ್ ತರ ಕಾಣ್ತಿದೆ, ಯಾಕೆ?"

ಹೌದು, ಹಾಗೇ ಕಾಣ್ತಿತ್ತು. ಪಕ್ಕದ ನೋಟದಲ್ಲಿ ಪ್ಯಾಕೆಟ್ ಎತ್ತರ ಜಾಸ್ತಿ. ಹಿಂದಿನ ನೋಟದಲ್ಲಿ ಸ್ವಲ್ಪ ಕುಳ್ಳ, ಮತ್ತೆ ಹೊಟ್ಟೆ ಬೇರೆ ಬಂದಿದೆ. ಅವನು ಕೇಕ್ ಮಾಡುವವರು ಬಳಸೋ ತಿರುಗುವ ಸ್ಟ್ಯಾಂಡ್ ತಂದು, ಅದರ ಮೇಲೆ ಪ್ಯಾಕೆಟ್ ಇಟ್ಟು, ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಎಲ್ಲ ಸರಿಯಾಗೇ ಮಾಡಿದ್ದ. ಕ್ಯಾಮೆರಾ ಅಲ್ಲಾಡಿಲ್ಲ, ತಿರುಗಿದ್ದು ಪ್ಯಾಕೆಟ್ ಮಾತ್ರ. ಹಾಗಿದ್ದರೂ ಅಳತೆ ಹೇಗೆ ಬದಲಾಯ್ತು?

ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸ್ ನೆನಪು ಮಾಡಿಕೊಳ್ಳಿ. ಫ್ರಂಟ್ ವ್ಯೂ ಬರೆದ ಮೇಲೆ ಅದರ ಮೇಲಂಚು, ಕೆಳಂಚಿನಿಂದ ಅಡ್ಡಗೆರೆ ಎಳೆದುಕೊಂಡು ಸೈಡ್ ವ್ಯೂ ಬರೀತೀವಿ. ಎರಡರ ಎತ್ತರ ಒಂದೇ ಇರಲೇಬೇಕು. ಅಲ್ಲಿ ಪ್ರೊಜೆಕ್ಟರ್ ಗೆರೆಗಳೆಲ್ಲ ಸಮಾನಾಂತರ, ಅಂದರೆ ನೋಡುವವನು ಅನಂತ ದೂರದಲ್ಲಿ ನಿಂತಿದ್ದಾನೆ ಅಂತ ಲೆಕ್ಕ. ಮೊಬೈಲ್ ಕ್ಯಾಮೆರಾ ಮಾತ್ರ ಅರ್ಧ ಮೀಟರ್ ದೂರದಲ್ಲಿ ಕೂತಿದೆ. ಹತ್ತಿರ ಇರೋದು ದೊಡ್ಡದು, ದೂರ ಇರೋದು ಚಿಕ್ಕದು. ಸೂತ್ರ ಇಷ್ಟೇ:

```
h = f * H / d
```

`H` ವಸ್ತುವಿನ ನಿಜವಾದ ಎತ್ತರ, `d` ಲೆನ್ಸಿನಿಂದ ಆ ಮುಖಕ್ಕೆ ಇರುವ ದೂರ, `f` ಫೋಕಲ್ ಲೆಂತ್, `h` ಚಿತ್ರದಲ್ಲಿ ಬರುವ ಎತ್ತರ. ಇಲ್ಲಿ `d` ಅಂದರೆ ತಿರುಗುವ ತಟ್ಟೆಯ ನಡುವಿಗೆ ಇರುವ ದೂರ ಅಲ್ಲ, ಕ್ಯಾಮೆರಾಗೆ ಎದುರಾಗಿ ನಿಂತ ಮುಖಕ್ಕೆ ಇರುವ ದೂರ. ಅವನ ಎಡವಟ್ಟೆಲ್ಲ ಇದರಲ್ಲೇ ಇತ್ತು.

ಪ್ಯಾಕೆಟ್ಟನ್ನು 100 ಮಿ.ಮೀ. ಅಗಲ, 60 ಮಿ.ಮೀ. ದಪ್ಪ, 200 ಮಿ.ಮೀ. ಎತ್ತರದ ಡಬ್ಬಿ ಅಂದುಕೊಳ್ಳೋಣ. ತಟ್ಟೆಯ ನಡುವಿನಿಂದ ಕ್ಯಾಮೆರಾ 500 ಮಿ.ಮೀ. ದೂರದಲ್ಲಿದೆ. ಮುಂಭಾಗ ಕ್ಯಾಮೆರಾ ಕಡೆ ಇದ್ದಾಗ ಆ ಮುಖ ನಡುವಿನಿಂದ ಅರ್ಧ ದಪ್ಪದಷ್ಟು, ಅಂದರೆ 30 ಮಿ.ಮೀ. ಮುಂದೆ ಇರುತ್ತೆ. ದೂರ 470. ತೊಂಬತ್ತು ಡಿಗ್ರಿ ತಿರುಗಿಸಿದರೆ ಪಕ್ಕದ ಮುಖ ಎದುರಾಗುತ್ತೆ. ಅದು ನಡುವಿನಿಂದ ಅರ್ಧ ಅಗಲದಷ್ಟು, 50 ಮಿ.ಮೀ. ಮುಂದೆ. ದೂರ 450. ಎತ್ತರ ಅದೇ 200 ಆದರೂ ಪಕ್ಕದ ನೋಟದಲ್ಲಿ 470/450 ಪಟ್ಟು, ಅಂದರೆ ಸುಮಾರು 4.4 ಶೇಕಡಾ ದೊಡ್ಡದಾಗಿ ಕಾಣುತ್ತೆ. ಚಿತ್ರದಲ್ಲಿ ಪ್ಯಾಕೆಟ್ 1500 ಪಿಕ್ಸೆಲ್ ಎತ್ತರ ಇದ್ದರೆ ಪಕ್ಕದ ನೋಟ 66 ಪಿಕ್ಸೆಲ್ ಜಾಸ್ತಿ. ಬಿಡಿಯಾಗಿ ನೋಡಿದರೆ ಗೊತ್ತಾಗಲ್ಲ, ಒಂದೇ ಸಾಲಲ್ಲಿ ಇಟ್ಟರೆ ಕಣ್ಣಿಗೆ ಹೊಡೆಯುತ್ತೆ.

ಹಾಗಾದರೆ ಝೂಮ್ ಮಾಡಿದರೆ ಆಯ್ತಲ್ಲ ಅಂತ ಅವನು ಕೇಳಿದ. ಬರೀ ಝೂಮ್‌ನಿಂದ ಆಗಲ್ಲ. ಝೂಮ್ ಮಾಡಿದರೆ `f` ಬದಲಾಗುತ್ತೆ, ಅದು ಎರಡೂ ನೋಟಕ್ಕೆ ಒಂದೇ ಸಮ. 470/450 ಅನ್ನೋ ಅನುಪಾತ ಹಾಗೇ ಉಳಿಯುತ್ತೆ. ಬದಲಾಗಬೇಕಾದ್ದು ದೂರ. ಎರಡು ಮೀಟರ್‌ಗೆ ಹೋದರೆ ಅನುಪಾತ 1970/1950, ವ್ಯತ್ಯಾಸ ಒಂದು ಶೇಕಡಾ ಮಾತ್ರ. ಆದರೆ ಮೊಬೈಲಿನ ಮಾಮೂಲಿ 1x ಲೆನ್ಸಿನಲ್ಲಿ ಎರಡು ಮೀಟರ್‌ನಿಂದ ತೆಗೆದರೆ ಪ್ಯಾಕೆಟ್ ಸುಮಾರು 300 ಪಿಕ್ಸೆಲ್ ಎತ್ತರ ಬರುತ್ತೆ ಅಷ್ಟೆ, ಲೇಬಲ್ ಓದೋಕೆ ಆಗಲ್ಲ. ಅದಕ್ಕೇ ದೂರ ಹೋಗೋದು, ಝೂಮ್ ಮಾಡೋದು ಎರಡೂ ಜೊತೆಗೇ ಆಗಬೇಕು. ಅವನ ಮೊಬೈಲಿನಲ್ಲಿ 3x ಲೆನ್ಸ್ ಇತ್ತು, 12 ಮೆಗಾಪಿಕ್ಸೆಲ್. 1200 ಮಿ.ಮೀ. ದೂರಕ್ಕೆ ಒಪ್ಪಂದ ಆಯ್ತು. ಅಲ್ಲಿ ಪ್ಯಾಕೆಟ್ 1500 ಪಿಕ್ಸೆಲ್ ಆಸುಪಾಸು ಬರುತ್ತೆ, ವ್ಯತ್ಯಾಸ 1170/1150, ಅಂದರೆ 1.7 ಶೇಕಡಾ. ಉಳಿದದ್ದನ್ನು ಆಮೇಲೆ ಸರಿ ಮಾಡಬಹುದು.

ಇದು ಪಕ್ಕದ ನೋಟದ ಕಥೆ. ಹಿಂದಿನ ನೋಟ ಕುಳ್ಳ ಆಗಿದ್ದಕ್ಕೆ ಕಾರಣ ಬೇರೆ. ಮುಂದೆ, ಹಿಂದೆ ಎರಡೂ ಮುಖ ನಡುವಿನಿಂದ 30 ಮಿ.ಮೀ. ದೂರದಲ್ಲೇ ಇರೋದರಿಂದ ಅವೆರಡರ ಎತ್ತರ ಒಂದೇ ಬರಬೇಕು. ಬರಲಿಲ್ಲ ಅಂದರೆ ಪ್ಯಾಕೆಟ್ ತಟ್ಟೆಯ ಸರಿ ನಡುವೆ ಕೂತಿಲ್ಲ ಅಂತ ಅರ್ಥ. ಕ್ಯಾಮೆರಾ ಕಡೆಗೆ 10 ಮಿ.ಮೀ. ಸರಿದಿದ್ದರೆ ಮುಂದಿನ ನೋಟದಲ್ಲಿ ಅಷ್ಟು ಹತ್ತಿರ, ಅರ್ಧ ಸುತ್ತು ತಿರುಗಿಸಿದಾಗ ಅಷ್ಟೇ ದೂರ. ಒಟ್ಟು 20 ಮಿ.ಮೀ. ವ್ಯತ್ಯಾಸ.

ಇದರ ಚಂದ ಏನಂದರೆ, ಫೋಟೋ ಅಳೆದೇ ಎಷ್ಟು ಸರಿದಿದೆ ಅಂತ ಹೇಳಬಹುದು. ದೂರ ಬದಲಿಸಿ ಮತ್ತೆ ತೆಗೆದಾಗ ಮುಂದಿನ ನೋಟ 1513 ಪಿಕ್ಸೆಲ್, ಹಿಂದಿನದು 1487 ಬಂತು. ವ್ಯತ್ಯಾಸ 26, ಸರಾಸರಿ 1500, ಅಂದರೆ 0.0173. ಅದನ್ನು 1170ರಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಸುಮಾರು 10 ಮಿ.ಮೀ. ಪ್ಯಾಕೆಟ್ಟನ್ನು ಅಷ್ಟು ಹಿಂದಕ್ಕೆ ಸರಿಸಬೇಕು. ಹಾಗೇ ಎಡಪಕ್ಕ, ಬಲಪಕ್ಕದ ನೋಟಗಳ ಎತ್ತರ ಹೊಂದದಿದ್ದರೆ ಪ್ಯಾಕೆಟ್ ಅಡ್ಡಕ್ಕೆ ಸರಿದಿದೆ. ಮುಂದೆ-ಹಿಂದೆ ಒಂದೇ, ಎಡ-ಬಲ ಒಂದೇ, ಆದರೆ ಪಕ್ಕದ್ದು ಮಾತ್ರ ದೊಡ್ಡದು ಅಂದರೆ ಪ್ಯಾಕೆಟ್ ನಡುವೆ ಸರಿಯಾಗಿ ಕೂತಿದೆ. ಉಳಿದದ್ದು ದೂರದ ಲೆಕ್ಕ.

ನಡು ಹುಡುಕೋಕೆ ಕಣ್ಣಂದಾಜು ಸಾಲದು. ತಟ್ಟೆ ಮೇಲೆ ಬಿಳಿ ಕಾಗದ ಅಂಟಿಸಿ, ಪೆನ್ಸಿಲ್ ಮೊನೆ ಊರಿ, ತಟ್ಟೆ ತಿರುಗಿಸಿ. ಮೊನೆ ವೃತ್ತ ಬರೆದರೆ ಅದು ನಡು ಅಲ್ಲ. ವೃತ್ತ ಚಿಕ್ಕದಾಗುತ್ತಾ ಚುಕ್ಕೆ ಆಗೋ ಜಾಗ ನಡು. ಅಲ್ಲಿಂದ ಅಡ್ಡ, ಉದ್ದ ಗೆರೆ ಎಳೆದು ಪ್ಯಾಕೆಟ್ಟಿನ ತಳದ 100×60 ಆಯತವನ್ನು ಅದರ ಮೇಲೆ ಬರೆದುಬಿಡಿ. ಆಮೇಲೆ ಆ ಚುಕ್ಕೆಯ ಮೇಲೆ ಪೆನ್ಸಿಲ್ ನಿಲ್ಲಿಸಿ, ಕ್ಯಾಮೆರಾ ಗ್ರಿಡ್ ಆನ್ ಮಾಡಿ, ಪೆನ್ಸಿಲ್ ಪರದೆಯ ನಡುವಿಗೆ ಬರೋ ಹಾಗೆ ಮೊಬೈಲ್ ಜರುಗಿಸಿ. ಲೆನ್ಸ್ ತಟ್ಟೆಯಿಂದ 100 ಮಿ.ಮೀ. ಮೇಲೆ, ಪ್ಯಾಕೆಟ್ಟಿನ ಅರ್ಧ ಎತ್ತರಕ್ಕೆ ಸರಿಯಾಗಿ ಇರಲಿ. ಮೊಬೈಲ್ ಮೇಲಿಂದ ಕೆಳಕ್ಕೆ ಬಗ್ಗಿದ್ದರೆ ಪ್ಯಾಕೆಟ್ಟಿನ ಎರಡು ಅಂಚು ಕೆಳಗಡೆ ಹತ್ತಿರ ಹತ್ತಿರ ಬರುತ್ತವೆ. ದಾರಕ್ಕೆ ಒಂದು ನಟ್ ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಅದು ಕೂಡಲೇ ಗೊತ್ತಾಗುತ್ತೆ.

ಹೊಟ್ಟೆ ಬಂದಿದ್ದರ ವಿಷಯ ಉಳಿಯಿತು. ಅದರಲ್ಲಿ ಕ್ಯಾಮೆರಾ ತಪ್ಪೇ ಇಲ್ಲ. ಅವನು ಮುಂದಿನ ಫೋಟೋ ಸಂಜೆ ತೆಗೆದ, ಕರೆಂಟ್ ಹೋಯ್ತು, ಹಿಂದಿನದು ಮಾರನೇ ದಿನ ತೆಗೆದ. ಹೊಸದಾಗಿ ಹುರಿದ ಕಾಫಿ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೇ ಇರುತ್ತೆ. ಒಳ್ಳೆ ಪೌಚುಗಳಲ್ಲಿ ಗುಂಡಗಿನ ಸಣ್ಣ ವಾಲ್ವ್ ಇರೋದು ಅದಕ್ಕೇ, ಗಾಳಿ ಹೊರಗೆ ಹೋಗಬಹುದು, ಒಳಗೆ ಬರಲ್ಲ. ಇವರದ್ದರಲ್ಲಿ ವಾಲ್ವ್ ಇರಲಿಲ್ಲ. ರಾತ್ರಿ ಕಳೆಯೋದರೊಳಗೆ ಪ್ಯಾಕೆಟ್ ಉಬ್ಬಿ, ದಪ್ಪ ಜಾಸ್ತಿಯಾಗಿ, ಅಗಲ ಒಳಕ್ಕೆ ಎಳೆದುಕೊಂಡಿತ್ತು. ನಮ್ಮ ಕಡೆ ಇನ್ನೊಂದು ತಮಾಷೆಯೂ ಉಂಟು: ಮಂಗಳೂರಿನಲ್ಲಿ ಸೀಲ್ ಮಾಡಿದ ಚಿಪ್ಸ್ ಪ್ಯಾಕೆಟ್ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪೋ ಹೊತ್ತಿಗೆ ದಿಂಬಿನ ಹಾಗೆ ಆಗಿರುತ್ತೆ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿಗೆ ಬಂದರೆ ಹೊರಗಿನ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತೆ. ಕರಾವಳಿಯಲ್ಲಿ ಪ್ಯಾಕ್ ಮಾಡಿಸಿ ಮೂಡಿಗೆರೆಯಲ್ಲಿ ಫೋಟೋ ತೆಗೆಯೋರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಅದಕ್ಕೆ ಅವನು ಮಾಡಿದ ಉಪಾಯ: ಖಾಲಿ ಪೌಚಿನೊಳಗೆ ರಟ್ಟಿನ ಡಬ್ಬಿ ಇಳಿಸಿ, ಮೇಲೆ ಮಡಚಿ ಸೀಲ್ ಮಾಡಿದ. ಗಟ್ಟಿಯಾಗಿ ನಿಲ್ಲುತ್ತೆ, ಮುಟ್ಟಿದರೆ ಆಕಾರ ಕೆಡಲ್ಲ. ಡಬ್ಬಿಯ ಅಳತೆ ಮಾತ್ರ ನಿಜವಾದ ಪುಡಿ ತುಂಬಿದ ಪ್ಯಾಕೆಟ್ ಅಳೆದೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೊಂಡವರ ಮನೆಗೆ ಬೇರೆ ಸೈಜಿನ ಪ್ಯಾಕೆಟ್ ಹೋದಂತೆ.

ಎರಡನೇ ಸಲ ಫೋಕಸ್ ಲಾಕ್ ಮಾಡಿ ತೆಗೆದ, ಯಾಕಂದರೆ ಪ್ರತಿ ಸಲ ಮತ್ತೆ ಫೋಕಸ್ ಹುಡುಕಿದರೆ ಚಿತ್ರದ ಅಳತೆ ಚೂರು ಹಿಗ್ಗಿ ಕುಗ್ಗುತ್ತೆ. ಕಿಟಕಿ ಬೆಳಕು ಮೋಡ ಬಂದಾಗಲೆಲ್ಲ ಬದಲಾಗುತ್ತೆ ಅಂತ ಕಿಟಕಿ ಮುಚ್ಚಿ, ಚಾರ್ಜಿನ ಎಲ್‌ಇಡಿ ದೀಪ ಹಚ್ಚಿಕೊಂಡ. 0, 90, 180, 270 ಡಿಗ್ರಿ, ಕೊನೆಗೆ ಮತ್ತೆ 0. ಸಿವಿಲ್‌ನವರು ಸರ್ವೇಯಲ್ಲಿ ಶುರು ಮಾಡಿದ ಪಾಯಿಂಟಿಗೇ ಬಂದು ಕ್ಲೋಸಿಂಗ್ ಎರರ್ ನೋಡ್ತಾರಲ್ಲ, ಹಾಗೆ. ಮೊದಲನೆಯದು, ಐದನೆಯದು ಒಂದರ ಮೇಲೊಂದು ಕೂರದಿದ್ದರೆ ಮಧ್ಯದಲ್ಲಿ ಏನೋ ಅಲ್ಲಾಡಿದೆ, ಎಲ್ಲ ಮತ್ತೆ ತೆಗೀಬೇಕು.

ಇಷ್ಟೆಲ್ಲ ಮಾಡಿ ಕೊನೇ ಹೆಜ್ಜೆಯಲ್ಲಿ ಹಾಳು ಮಾಡಿಕೊಳ್ಳೋರೇ ಜಾಸ್ತಿ. ಬ್ಯಾಕ್‌ಗ್ರೌಂಡ್ ತೆಗೆಯುವ ಆ್ಯಪ್‌ಗಳು ಎಷ್ಟೋ ಸಲ ವಸ್ತುವಿನ ಅಂಚಿಗೆ ಕತ್ತರಿಸಿ, ಚೌಕ ತುಂಬುವಷ್ಟು ದೊಡ್ಡದು ಮಾಡಿ ಕೊಡುತ್ತವೆ. ಒಂದೊಂದು ನೋಟಕ್ಕೆ ಒಂದೊಂದು ಸ್ಕೇಲ್ ಆಗಿಬಿಡುತ್ತೆ. ಕತ್ತರಿಸೋದಾದರೆ ಎಲ್ಲದಕ್ಕೂ ಒಂದೇ ಚೌಕಟ್ಟು. 3000×4000 ಚಿತ್ರಕ್ಕೆ ಇಮೇಜ್‌ಮ್ಯಾಜಿಕ್‌ನಲ್ಲಿ ಹೀಗೆ (`out` ಫೋಲ್ಡರ್ ಮೊದಲೇ ಮಾಡಿಟ್ಟುಕೊಳ್ಳಿ):

```
magick mogrify -path out -auto-orient -crop 1000x1800+1000+1100 +repage *.jpg
```

ಆಮೇಲೆ `out` ಒಳಗೆ ಹೋಗಿ, ಹಿಂದಿನ ನೋಟವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಮುಂದಿನದರ ಮೇಲೆ ಇಟ್ಟು ನೋಡಬೇಕು. ಯಾವುದೇ ವಸ್ತುವಾಗಲಿ, ಸಾಕಷ್ಟು ದೂರದಿಂದ ನೋಡಿದರೆ ಹಿಂದಿನ ಹೊರಗೆರೆ ಮುಂದಿನದರ ಕನ್ನಡಿ ಬಿಂಬವೇ ಆಗಿರುತ್ತೆ.

```
magick back.jpg -flop back_m.jpg
magick front.jpg back_m.jpg -compose difference -composite diff.png
```

`diff.png` ಒಳಗೆ ಲೇಬಲ್ಲಿನ ಅಕ್ಷರಗಳು ಕಲಸಿಕೊಂಡಿರುತ್ತವೆ, ಅದನ್ನು ಬಿಡಿ. ಹೊರಗೆರೆ ಸುತ್ತ ಬೆಳ್ಳಗಿನ ಪಟ್ಟಿ ಕಾಣದಿದ್ದರೆ ಸರಿ. ಮೇಲೂ ಕೆಳಗೂ ಪಟ್ಟಿ ಇದ್ದರೆ ಸೈಜ್ ಬೇರೆ. ಎಡಕ್ಕೂ ಬಲಕ್ಕೂ ಮಾತ್ರ ಪಟ್ಟಿ ಇದ್ದರೆ ತಟ್ಟೆಯ ನಡು ಚೌಕಟ್ಟಿನ ನಡುವಿಗೆ ಬಂದಿಲ್ಲ.

ಪಕ್ಕದ ನೋಟದಲ್ಲಿ ಉಳಿದ 1.7 ಶೇಕಡಾ ತೆಗೆಯೋಕೆ ಆ ಚಿತ್ರವನ್ನು 1150/1170, ಅಂದರೆ 98.3 ಶೇಕಡಾಕ್ಕೆ ಇಳಿಸಿ. ಎತ್ತರ, ಅಗಲ ಎರಡನ್ನೂ ಇಳಿಸಬೇಕು. ಎತ್ತರ ಮಾತ್ರ ಒತ್ತಿದರೆ ಪ್ಯಾಕೆಟ್ಟಿನ ದಪ್ಪ ಸುಳ್ಳಾಗುತ್ತೆ. ಇಳಿಸಿದ ಮೇಲೆ ಖಾಲಿಯಾದ ಅಂಚಿಗೆ ಬ್ಯಾಕ್‌ಗ್ರೌಂಡ್ ಬಣ್ಣವೇ ತುಂಬಿ, ಚೌಕಟ್ಟನ್ನು ಮತ್ತೆ 1000×1800ಕ್ಕೇ ತನ್ನಿ. ಈ ಲೆಕ್ಕ ಚಪ್ಪಟೆ ಮುಖದ ಡಬ್ಬಿಗೆ ಸರಿ. ಪೌಚಿನ ಪಕ್ಕದಲ್ಲಿ ಒಳಕ್ಕೆ ಹೋದ ಮಡಿಕೆ ಇರುತ್ತೆ, ಅದರ ನಡುಗೆರೆ ಅಂಚಿಗಿಂತ ಹಿಂದೆ ಇರೋದರಿಂದ ಅಲ್ಲಿ ಎರಡು ಮೂರು ಪಿಕ್ಸೆಲ್ ಹೆಚ್ಚುಕಮ್ಮಿ ಉಳಿದೇ ಉಳಿಯುತ್ತೆ. ಗೆಳೆಯನ ಮೂರನೇ ಸೆಟ್‌ನಲ್ಲಿ ಮುಂದೆ 1500, ಪಕ್ಕ 1502, ಹಿಂದೆ 1499 ಬಂತು. "ಈಗ ಒಂದೇ ಪ್ಯಾಕೆಟ್ ಆಯ್ತು" ಅಂತ ಕಳಿಸಿದ, ಜೊತೆಗೆ ಆ ರಟ್ಟಿನ ಡಬ್ಬಿಯ ಫೋಟೋ ಕೂಡ.