ರಾತ್ರಿ 2:17ಕ್ಕೆ ಮೇಲ್ ಕಳಿಸಿದ್ದು ಯಾರು?

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ಸ್ವಂತ ಮೇಲ್ ಸರ್ವರ್ ಇದೆ, ಇಪ್ಪತ್ತು ಜನರಿಗೆ ಮೇಲ್ ಐಡಿ ಇದೆ, ಇಂಟರ್ನೆಟ್ ಕಂಪನಿ ಕೊಟ್ಟ ಒಂದು ಸ್ಥಿರ ಐಪಿ ವಿಳಾಸ ಇದೆ. ಸೋಮವಾರ ಬೆಳಿಗ್ಗೆ ಪುಣೆಯ ಗಿರಾಕಿಗೆ ಕೊಟೇಶನ್ ಕಳಿಸಿದರೆ ಎರಡೇ ಸೆಕೆಂಡಿಗೆ ವಾಪಸ್ ಬರುತ್ತದೆ. ಚೆನ್ನೈಗೆ ಕಳಿಸಿದ ಇನ್‌ವಾಯ್ಸಿನದೂ ಅದೇ ಕತೆ. ವಾಪಸಾದ ಮೇಲ್‌ನ ಕೆಳಗೆ, ಯಾರೂ ಓದದ ಜಾಗದಲ್ಲಿ, ಹೀಗೊಂದು ಸಾಲು ಇರುತ್ತದೆ:

```
554 5.7.1 Service unavailable; Client host [203.0.113.25]
blocked using zen.spamhaus.org
```

ಕಾರಣವನ್ನೂ ದಾರಿಯನ್ನೂ ಹೇಳುವುದು ಈ ಸಾಲೇ. ಪುಣೆಯ ಮೇಲ್ ಸರ್ವರ್ ಈ ಕಾರ್ಖಾನೆಯ ಐಪಿ ವಿಳಾಸವನ್ನು ಸ್ಪ್ಯಾಮ್‌ಹಾಸ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿದೆ, ಅಲ್ಲಿ ಹೆಸರು ಸಿಕ್ಕಿದೆ, ಬಾಗಿಲು ಹಾಕಿದೆ. ಇಂಥ ಪಟ್ಟಿಗಳು ಹೊಸವಲ್ಲ. ಅಮೆರಿಕದ ಪಾಲ್ ವಿಕ್ಸಿ 1997ರಲ್ಲಿ ಇದನ್ನು ಶುರುಮಾಡಿದವರಲ್ಲಿ ಮೊದಲಿಗರು. ಮರುವರ್ಷ ಸ್ಟೀವ್ ಲಿನ್‌ಫೋರ್ಡ್ ಸ್ಪ್ಯಾಮ್‌ಹಾಸ್ ಕಟ್ಟಿದರು. ಇವರು ಯಾರ ಮೇಲನ್ನೂ ತಾವಾಗಿ ತಡೆಯುವುದಿಲ್ಲ. ಪಟ್ಟಿಯನ್ನು ಪ್ರಕಟಿಸುತ್ತಾರೆ, ಅಷ್ಟೇ. ಅದನ್ನು ನೋಡಿ ಮೇಲ್ ಬೇಡವೆನ್ನುವುದು ಪಡೆಯುವವರ ಸರ್ವರ್. ಹಾಗಾಗಿ ಪುಣೆಯವರಿಗೆ ಫೋನ್ ಮಾಡಿ ‘ನಮ್ಮದನ್ನು ಬಿಡಿ ಸಾರ್’ ಎಂದರೆ ಪುಣೆಯ ಬಾಗಿಲೊಂದು ತೆರೆದೀತು. ಉಳಿದ ನೂರು ಬಾಗಿಲು ಮುಚ್ಚಿಯೇ ಇರುತ್ತವೆ.

ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಸುಲಭ. check.spamhaus.org ಪುಟಕ್ಕೆ ಹೋಗಿ ಐಪಿ ವಿಳಾಸ ಕೊಟ್ಟರೆ ಸಾಕು. ಕಮಾಂಡ್ ಬಳಸುವವರು ವಿಳಾಸದ ನಾಲ್ಕು ಅಂಕಿಗಳನ್ನು ಹಿಂದುಮುಂದಾಗಿ ಬರೆದು ಕೇಳುತ್ತಾರೆ:

```
dig +short 25.113.0.203.zen.spamhaus.org
```

ಉತ್ತರ ಏನೂ ಬರದಿದ್ದರೆ ಹೆಸರಿಲ್ಲ ಎಂದರ್ಥ. 127.0.0.4 ಬಂದರೆ ಆ ವಿಳಾಸದ ಹಿಂದೆ ಸೋಂಕು ತಗುಲಿದ ಅಥವಾ ಬೇರೆಯವರ ಕೈಗೆ ಸಿಕ್ಕ ಸಾಧನವೊಂದು ಇದೆ ಎಂಬ ದೂರು. ಆ ಪಟ್ಟಿಗೆ ಎಕ್ಸ್‌ಬಿಎಲ್ ಎಂದು ಹೆಸರು. 127.0.0.2 ಬಂದರೆ ವಿಷಯ ಇನ್ನೂ ಗಂಭೀರ. ಅದು ಎಸ್‌ಬಿಎಲ್, ಅಲ್ಲಿಂದ ಹೆಸರು ತೆಗೆಸಲು ಗಿರಾಕಿಯ ಮಾತು ನಡೆಯುವುದಿಲ್ಲ, ಇಂಟರ್ನೆಟ್ ಕಂಪನಿಯೇ ಮಾತಾಡಬೇಕು. 127.0.0.10 ಅಥವಾ 11 ಬಂದರೆ ಅದು ಆರೋಪವೇ ಅಲ್ಲ: ಈ ವಿಳಾಸ ಮನೆಬಳಕೆಯ ಗುಂಪಿನದು, ಇಲ್ಲಿಂದ ನೇರವಾಗಿ ಮೇಲ್ ಹೊರಡಬಾರದು ಎಂಬ ಘೋಷಣೆ ಮಾತ್ರ. ಇಲ್ಲಿ ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ 127.255.255.254 ಎಂಬ ಉತ್ತರ ಬರುತ್ತದೆ. ‘ಈ ದಾರಿಯಲ್ಲಿ ಕೇಳಬೇಡಿ’ ಎಂಬುದಷ್ಟೇ ಅದರ ಅರ್ಥ. ಅದನ್ನೇ ಪಟ್ಟಿಗೆ ಸೇರಿದ ಗುರುತೆಂದು ತಿಳಿದು ಗಾಬರಿಯಾಗುವವರು ಕಡಿಮೆಯೇನಿಲ್ಲ.

ನಮ್ಮ ಕಾರ್ಖಾನೆಗೆ ಬಂದದ್ದು 127.0.0.4. ಪುಟದಲ್ಲಿ ಹೆಸರು ತೆಗೆಸುವ ಅರ್ಜಿಯೂ ಅಲ್ಲೇ ಇದೆ. ಶುಲ್ಕವಿಲ್ಲ. ಅರ್ಜಿ ತುಂಬಿದರೆ ಬೇಗನೆ ಹೆಸರು ಹೋಗುತ್ತದೆ, ಮಧ್ಯಾಹ್ನದೊಳಗೆ ಮೇಲ್ ಓಡಾಡುತ್ತದೆ. ಎಲ್ಲರೂ ಮೊದಲು ಮಾಡುವುದೂ ಅದನ್ನೇ. ಬುಧವಾರ ಬೆಳಿಗ್ಗೆ ನೋಡಿದರೆ ಹೆಸರು ಮತ್ತೆ ಪಟ್ಟಿಯಲ್ಲಿ! ಪಟ್ಟಿ ನಡೆಸುವ ಯಂತ್ರಗಳಿಗೆ ಅರ್ಜಿಯ ಭಾಷೆ ಮುಖ್ಯವಲ್ಲ. ಅದೇ ವಿಳಾಸದಿಂದ ಅದೇ ಕೆಟ್ಟ ಸಂಚಾರ ಮತ್ತೆ ಕಂಡರೆ ಹೆಸರು ಮತ್ತೆ ಏರುತ್ತದೆ. ಹೀಗೆ ಮೂರು ನಾಲ್ಕು ಸಲ ಆದರೆ ತಾವೇ ಹೆಸರು ತೆಗೆಸಿಕೊಳ್ಳುವ ಸೌಲಭ್ಯವೂ ಕೈತಪ್ಪಬಹುದು. ಆದ್ದರಿಂದ ಅರ್ಜಿ ತುಂಬುವುದು ಈ ಕೆಲಸದ ಕೊನೆಯ ಹೆಜ್ಜೆಯಾಗಬೇಕು.

ಮೊದಲ ಹೆಜ್ಜೆ ದೂರನ್ನು ಪೂರ್ತಿ ಓದುವುದು. ಎಕ್ಸ್‌ಬಿಎಲ್ ವಿವರದಲ್ಲಿ ಸಾಮಾನ್ಯವಾಗಿ ಎರಡು ಸುಳಿವು ಸಿಗುತ್ತವೆ: ಕೊನೆಯ ಸಲ ಕಂಡ ಸಮಯ, ಮತ್ತು ಮೇಲ್ ಕಳಿಸಿದ ಸಾಧನ ತನ್ನನ್ನು ಯಾವ ಹೆಸರಿನಿಂದ ಪರಿಚಯಿಸಿಕೊಂಡಿತು ಎಂಬುದು. ಮೇಲ್ ಸರ್ವರ್‌ಗಳು ಮಾತು ಶುರುಮಾಡುವಾಗ ‘ನಾನು ಇಂಥವನು’ ಎಂದು ಹೇಳಿಕೊಳ್ಳುತ್ತವೆ; ಇದನ್ನು ಹೆಲೋ ಎನ್ನುತ್ತಾರೆ. ದೂರಿನಲ್ಲಿರುವ ಹೆಸರು ಕಾರ್ಖಾನೆಯ ಸರ್ವರ್‌ನದೇ ಆಗಿದ್ದರೆ ಸ್ಪ್ಯಾಮ್ ಆ ಸರ್ವರ್‌ನಿಂದಲೇ ಹೋಗಿದೆ, ಬಹುಮಟ್ಟಿಗೆ ಯಾರದೋ ಪಾಸ್‌ವರ್ಡ್ ಕದ್ದುಹೋಗಿದೆ. ಆಗ ಸರ್ವರ್ ಲಾಗ್‌ನಲ್ಲಿ sasl_username ಎಂಬ ಪದ ಹುಡುಕಿ, ಯಾವ ಐಡಿಯಿಂದ ಒಂದೇ ರಾತ್ರಿ ಸಾವಿರಾರು ಮೇಲ್ ಹೋಗಿವೆ ಎಂದು ನೋಡಬೇಕು. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಸರದಿಯಲ್ಲಿ ಇನ್ನೂ ಕಾದಿರುವ ಸ್ಪ್ಯಾಮನ್ನು ಅಳಿಸದಿದ್ದರೆ ಅದು ಮರುದಿನವೂ ಹೊರಡುತ್ತಲೇ ಇರುತ್ತದೆ.

ನಮ್ಮ ಕಾರ್ಖಾನೆಯ ದೂರಿನಲ್ಲಿದ್ದ ಹೆಸರು ಯಾವ ಸಂಬಂಧವೂ ಇಲ್ಲದ್ದು. ಸಮಯ 20:47, ಯುಟಿಸಿ. ಈ ಯುಟಿಸಿಯನ್ನು ಅನೇಕರು ಗಮನಿಸದೆ ರಾತ್ರಿ ಒಂಬತ್ತರ ಹತ್ತಿರ ಯಾರು ಕೂತಿದ್ದರು ಎಂದು ವಿಚಾರಿಸತೊಡಗುತ್ತಾರೆ. ಭಾರತದ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ಅದು ರಾತ್ರಿ 2:17. ಸರ್ವರ್‌ನ ಲಾಗ್‌ನಲ್ಲಿ ಆ ಹೊತ್ತಿಗೆ ಒಂದೂ ಮೇಲ್ ಹೋಗಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ಎಲ್ಲ ಕಂಪ್ಯೂಟರ್‌ಗಳಿಗೂ ಆಂಟಿವೈರಸ್ ಓಡಿಸಿದ್ದಾನೆ, ಎಲ್ಲವೂ ಸ್ವಚ್ಛ. ಆಗ ಅವನು ಮಾಲೀಕರಿಗೆ ಕೇಳಬೇಕಾದ ಪ್ರಶ್ನೆ ಇದು: ‘ಸಾರ್, ರಾತ್ರಿ ಎರಡು ಗಂಟೆಗೆ ಆಫೀಸಿನಲ್ಲಿ ಏನೇನು ಆನ್ ಇರುತ್ತೆ?’

ಕಷ್ಟ ಇರುವುದು ಇಲ್ಲೇ. ವಠಾರದ ಎಲ್ಲ ಮನೆಗಳ ಕಾಗದವೂ ಒಂದೇ ಬಾಗಿಲ ನಂಬರಿನಿಂದ ಹೊರಡುವಂತೆ, ಕಾರ್ಖಾನೆಯ ಸರ್ವರ್, ಕಂಪ್ಯೂಟರ್, ಸಿಸಿಟಿವಿ ಪೆಟ್ಟಿಗೆ, ಕೆಲಸಗಾರರ ಮೊಬೈಲ್ ಎಲ್ಲವೂ ಒಂದೇ ಐಪಿ ವಿಳಾಸದಿಂದ ಹೊರಜಗತ್ತಿಗೆ ಕಾಣುತ್ತವೆ. ಹೊರಗಿನವರಿಗೆ ಯಾವ ಮನೆ ಎಂದು ತಿಳಿಯುವುದಿಲ್ಲ. ಅದನ್ನು ಹೇಳಬಲ್ಲದ್ದು ಒಳಗಿನ ರೂಟರ್ ಅಥವಾ ಫೈರ್‌ವಾಲ್ ಮಾತ್ರ, ಅದೂ ಮುಂಚೆಯೇ ಲಾಗ್ ಬರೆಯಲು ಹೇಳಿಟ್ಟಿದ್ದರೆ.

ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವುದು ಪೋರ್ಟ್ 25ರಲ್ಲಿ. ಸಿಬ್ಬಂದಿಯ ಔಟ್‌ಲುಕ್ ಆಗಲಿ ಮೊಬೈಲ್ ಆಗಲಿ ಆ ಪೋರ್ಟ್ ಮುಟ್ಟುವ ಅಗತ್ಯವೇ ಇಲ್ಲ. ಅವು ಪಾಸ್‌ವರ್ಡ್ ಕೊಟ್ಟು 587 ಅಥವಾ 465ರಲ್ಲಿ ತಮ್ಮ ಸರ್ವರ್‌ಗೆ ಮೇಲ್ ಒಪ್ಪಿಸುತ್ತವೆ. ಹಾಗಾದರೆ ಮೇಲ್ ಸರ್ವರ್ ಒಂದನ್ನು ಬಿಟ್ಟು ಉಳಿದೆಲ್ಲದಕ್ಕೂ 25ನ್ನು ಮುಚ್ಚಿ, ಯಾರು ಬಾಗಿಲು ಬಡಿಯುತ್ತಾರೆಂದು ಬರೆದಿಡಬಹುದು. ಲಿನಕ್ಸ್ ಫೈರ್‌ವಾಲ್‌ನಲ್ಲಿ ಅದು ಮೂರೇ ಸಾಲು. ಇಲ್ಲಿ eth1 ಒಳಗಿನ ಜಾಲದ ಕಡೆ, 192.168.1.10 ಮೇಲ್ ಸರ್ವರ್:

```
iptables -A FORWARD -i eth1 -s 192.168.1.10 -p tcp --dport 25 -j ACCEPT
iptables -A FORWARD -i eth1 -p tcp --dport 25 -j LOG --log-prefix "SMTP25 "
iptables -A FORWARD -i eth1 -p tcp --dport 25 -j DROP
```

ಎಲ್ಲವನ್ನೂ ಒಪ್ಪುವ ನಿಯಮ ಇವಕ್ಕಿಂತ ಮೇಲೆ ಇದ್ದರೆ ಈ ಮೂರೂ ಕೆಲಸ ಮಾಡುವುದಿಲ್ಲ, ಕ್ರಮ ನೋಡಿಕೊಳ್ಳಬೇಕು. ಅಂಗಡಿಯ ಸಾಮಾನ್ಯ ಆಫೀಸ್ ರೂಟರ್‌ಗಳಲ್ಲೂ ಬಹಳಷ್ಟರಲ್ಲಿ ಇದೇ ಕೆಲಸಕ್ಕೆ ಒಂದು ಪುಟ ಇರುತ್ತದೆ.

ಒಂದು ರಾತ್ರಿ ಕಾದರೆ ಸಾಕು. ಬೆಳಿಗ್ಗೆ ಲಾಗ್‌ನಲ್ಲಿ 192.168.1.37 ಎಂಬ ಒಳವಿಳಾಸ ಸಾಲುಸಾಲಾಗಿ ಕಾಣುತ್ತದೆ, ಹೊರಗಿನ ಹತ್ತಾರು ಮೇಲ್ ಸರ್ವರ್‌ಗಳ ಕಡೆಗೆ. ರೂಟರ್‌ನಲ್ಲಿ ಒಳವಿಳಾಸ ಹಂಚಿದ ಪಟ್ಟಿ ತೆರೆದರೆ 37ರ ಮುಂದೆ android ಎಂದು ಶುರುವಾಗುವ ಹೆಸರು. ಯಾರ ಮೊಬೈಲೂ ಅಲ್ಲ. ರಾತ್ರಿ ಯಾರೂ ಇರುವುದಿಲ್ಲ. ಮೀಟಿಂಗ್ ರೂಮಿನ ಟಿವಿಯ ಹಿಂದೆ ಅಂಟಿಸಿದ, ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ಹೆಸರಿಲ್ಲದ ಆಂಡ್ರಾಯ್ಡ್ ಟಿವಿ ಬಾಕ್ಸ್ ಅದು. ಟಿವಿ ಆಫ್ ಆದರೂ ಅದರ ಸಣ್ಣ ನೀಲಿ ದೀಪ ಉರಿಯುತ್ತಲೇ ಇರುತ್ತದೆ.

ಕಾರ್ಖಾನೆ ಕಲ್ಪನೆಯದಾದರೂ ಟಿವಿ ಬಾಕ್ಸಿನ ಕತೆ ಕಲ್ಪನೆಯದಲ್ಲ. ಬ್ಯಾಡ್‌ಬಾಕ್ಸ್ ಎಂಬ ಹೆಸರಿನ ಜಾಲವನ್ನು 2023ರಲ್ಲಿ ಸಂಶೋಧಕರು ಬಯಲಿಗೆಳೆದರು. ಅದರ ಎರಡನೆಯ ಅವತಾರದ ಬಗ್ಗೆ 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಟಿವಿ ಬಾಕ್ಸ್, ಪ್ರೊಜೆಕ್ಟರ್, ಡಿಜಿಟಲ್ ಫೋಟೊ ಫ್ರೇಮ್‌ನಂಥ ಲಕ್ಷಾಂತರ ಅಗ್ಗದ ಸಾಧನಗಳು ಇದರ ಹಿಡಿತದಲ್ಲಿದ್ದವು. ಕೆಲವಕ್ಕೆ ಪೆಟ್ಟಿಗೆ ಒಡೆಯುವ ಮೊದಲೇ ಸೋಂಕು. ಇನ್ನು ಕೆಲವಕ್ಕೆ ಮೊದಲ ದಿನ ಆ್ಯಪ್ ಹಾಕುವಾಗ. ಇಂಥ ಸಾಧನದ ಇಂಟರ್ನೆಟ್ ಸಂಪರ್ಕವನ್ನು ಅಪರಾಧಿಗಳು ಬಾಡಿಗೆಗೆ ಬಿಡುತ್ತಾರೆ. ಬಾಡಿಗೆಗೆ ಪಡೆದವನು ಎಲ್ಲೋ ಕೂತು ಕಳಿಸಿದ್ದು ಪೀಣ್ಯದ ವಿಳಾಸದಿಂದ ಹೊರಟಂತೆ ಕಾಣುತ್ತದೆ. ಕೆಲವು ಉಚಿತ ವಿಪಿಎನ್ ಆ್ಯಪ್‌ಗಳೂ ಮೊಬೈಲನ್ನು ಇದೇ ದಂಧೆಗೆ ಒಡ್ಡುತ್ತವೆ. ಆಂಟಿವೈರಸ್ ಇದನ್ನು ಕಾಣಲಿಲ್ಲ ಏಕೆಂದರೆ ಅದನ್ನು ಓಡಿಸಿದ್ದು ಕಂಪ್ಯೂಟರ್‌ಗಳ ಮೇಲೆ ಮಾತ್ರ.

ಬಾಕ್ಸನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಮತ್ತೆ ಹಾಕುವ ಆಸೆ ಬೇಡ. ಕಾರ್ಖಾನೆಯಲ್ಲೇ ಬೆರೆತ ಸೋಂಕು ಸಾಧನದ ಮೂಲ ತಂತ್ರಾಂಶದಲ್ಲೇ ಇರುತ್ತದೆ. ರೀಸೆಟ್ ಆದ ಮೇಲೆ ಅದೇ ತಂತ್ರಾಂಶದಿಂದಲೇ ಸಾಧನ ಎದ್ದೇಳುತ್ತದೆ. ಪ್ಲಗ್ ತೆಗೆದು ಇ-ತ್ಯಾಜ್ಯಕ್ಕೆ ಹಾಕುವುದೇ ಸರಿ.

ಅರ್ಜಿ ತುಂಬುವ ಹೊತ್ತು ಈಗ ಬಂತು. ಕ್ಷಮಾಪಣೆ, ವ್ಯಾಪಾರ ನಷ್ಟದ ವಿವರ, ವಕೀಲರ ಹೆಸರು ಯಾವುದೂ ಕೆಲಸಕ್ಕೆ ಬಾರದು. ಯಾವ ಸಾಧನ ಸಿಕ್ಕಿತು, ಯಾವಾಗ ತೆಗೆದಿರಿ, ಪೋರ್ಟ್ 25 ಮುಚ್ಚಿದ್ದೀರಿ ಎಂಬ ಮೂರು ವಾಕ್ಯ ಸಾಕು. ಹೆಸರು ಹೋದ ಮೇಲೂ ಕೆಲವು ಸರ್ವರ್‌ಗಳು ಹಳೆಯ ಉತ್ತರವನ್ನೇ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತವೆ, ಕಾಯಬೇಕು. ದೊಡ್ಡ ಮೇಲ್ ಸೇವೆಗಳ ಲೆಕ್ಕ ಬೇರೆ: ಜಿಮೇಲ್ ತನ್ನದೇ ಅಳತೆಗೋಲಿನಿಂದ ತೂಗುತ್ತದೆ, ಮೈಕ್ರೋಸಾಫ್ಟ್ ಆಫೀಸ್ 365ರ ತಡೆಗೆ sender.office.com ಎಂಬ ಬೇರೆಯೇ ಅರ್ಜಿ. ಸ್ಪ್ಯಾಮ್‌ಕಾಪ್ ಪಟ್ಟಿಯಂತೂ ದೂರುಗಳು ನಿಂತ ಮೇಲೆ 24 ಗಂಟೆಯೊಳಗೆ ತಾನಾಗಿ ಹೆಸರು ಇಳಿಸುತ್ತದೆ. ಹಣ ಕೊಟ್ಟರೆ ಎಲ್ಲ ಪಟ್ಟಿಗಳಿಂದಲೂ ಹೆಸರು ತೆಗೆಸಿಕೊಡುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಸ್ಪ್ಯಾಮ್‌ಹಾಸ್‌ನಲ್ಲಿ ಹೆಸರು ತೆಗೆಸಲು ಯಾರಿಂದಲೂ ಯಾವ ಶುಲ್ಕವೂ ಇಲ್ಲ.

ಇಂಟರ್ನೆಟ್ ಕಂಪನಿಗೆ ಹೇಳಿ ಹೊಸ ಐಪಿ ಹಾಕಿಸಿಕೊಳ್ಳುವ ಅಡ್ಡದಾರಿಯೂ ಇದೆ. ಬಾಕ್ಸ್ ಇರುವವರೆಗೆ ಹೊಸ ವಿಳಾಸವೂ ಕೆಡುತ್ತದೆ. ಮೇಲಾಗಿ ಹೊಸ ವಿಳಾಸದ ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್ ದಾಖಲೆಗಳನ್ನೆಲ್ಲ ಮತ್ತೆ ಸರಿಪಡಿಸಬೇಕು. ಅವು ತಪ್ಪಿದರೆ ಮೇಲ್ ಬೇರೆ ಕಾರಣಕ್ಕೆ ವಾಪಸಾಗಲು ಶುರುವಾಗುತ್ತದೆ.

ಪೋರ್ಟ್ 25 ಮುಚ್ಚಿದ್ದಕ್ಕೂ ಒಂದು ಮಿತಿ ಇದೆ. ಸೋಂಕಿನ ಸಾಧನ ಮೇಲ್ ಕಳಿಸದೆ ಬೇರೆ ಪೋರ್ಟಿನಲ್ಲಿ ತನ್ನ ಒಡೆಯನ ಸರ್ವರ್ ಜತೆ ಮಾತಾಡಿದರೂ ಎಕ್ಸ್‌ಬಿಎಲ್‌ಗೆ ಹೆಸರು ಸೇರಬಹುದು, ಆಗ ಈ ಲಾಗ್‌ನಲ್ಲಿ ಏನೂ ಬೀಳುವುದಿಲ್ಲ. ಅದಕ್ಕೆ ಗಟ್ಟಿಯಾದ ಉಪಾಯ ಮೇಲ್‌ಗೆ ಬೇರೆ ಐಪಿ, ಉಳಿದ ಓಡಾಟಕ್ಕೆ ಬೇರೆ ಐಪಿ. ಇಂಟರ್ನೆಟ್ ಕಂಪನಿಯಿಂದ ಇನ್ನೊಂದು ಸ್ಥಿರ ವಿಳಾಸ ಪಡೆದು ಅದನ್ನು ಮೇಲ್ ಸರ್ವರ್‌ಗೆ ಮಾತ್ರ ಕೊಡಬಹುದು. ಇಲ್ಲವೇ ಅತಿಥಿಗಳ ವೈಫೈ, ಟಿವಿ, ಸಿಸಿಟಿವಿಗಳನ್ನು ಅಗ್ಗದ ಇನ್ನೊಂದು ಬ್ರಾಡ್‌ಬ್ಯಾಂಡ್ ಲೈನಿಗೆ ಹಾಕಬಹುದು. ಆಮೇಲೆ ಯಾರೋ ಹೊಸ ಬಾಕ್ಸ್ ತಂದು ಸಿಕ್ಕಿಸಿದರೂ ಪಟ್ಟಿಗೆ ಸೇರುವುದು ಆ ಲೈನಿನ ವಿಳಾಸ, ಕೊಟೇಶನ್ ಪುಣೆಗೆ ತಲುಪುತ್ತದೆ. ಮೊದಲು ಬರೆದ dig ಕಮಾಂಡನ್ನು ದಿನಕ್ಕೊಮ್ಮೆ ತಾನಾಗಿ ಓಡುವಂತೆ ಮೇಲ್ ಸರ್ವರ್‌ನಲ್ಲಿ ಇಟ್ಟು, ಉತ್ತರ ಬಂದ ದಿನ ನೆಟ್‌ವರ್ಕ್ ನೋಡುವವರ ಮೊಬೈಲಿಗೆ ಎಸ್‌ಎಂಎಸ್ ಹೋಗುವಂತೆ ಮಾಡಿದರೆ ಗಿರಾಕಿ ಫೋನ್ ಮಾಡುವ ಮೊದಲೇ ವಿಷಯ ತಿಳಿಯುತ್ತದೆ. ಎಚ್ಚರಿಕೆಯನ್ನು ಮೇಲ್‌ನಲ್ಲಿ ಕಳಿಸುವಂತೆ ಇಟ್ಟರೆ ಆ ಮೇಲೂ ಅದೇ ತಡೆಗೆ ಸಿಕ್ಕಿಬಿದ್ದೀತು.