ಬಡಗಿಯ 17 ದಿನ ಯಾರದ್ದು?

ಪ್ಲಾಸ್ಟರಿಂಗ್ ಮಾಡುವವರು ಒಂದು ದಿನ ಬರಲಿಲ್ಲವೆಂದರೆ ಗೃಹಪ್ರವೇಶ ಒಂದು ದಿನ ಮುಂದಕ್ಕೆ ಹೋಗಬಹುದು. ಅದೇ ಮನೆಗೆ ಬಾಗಿಲು ಮಾಡಿಕೊಡುತ್ತಿರುವ ಬಡಗಿ ಹತ್ತು ದಿನ ತಡಮಾಡಿದರೂ ತಾರೀಖು ಅಲುಗದೆ ನಿಲ್ಲಬಹುದು. ಯಾರ ತಡವನ್ನು ತಡೆದುಕೊಳ್ಳಬಹುದು, ಯಾರದನ್ನು ತಡೆದುಕೊಳ್ಳಲಾಗದು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಬಹುದು. ದೊಡ್ಡ ಸೇತುವೆ, ಕಾರ್ಖಾನೆ ಕಟ್ಟುವ ಎಂಜಿನಿಯರುಗಳು ದಿನನಿತ್ಯ ಮಾಡುವ ಲೆಕ್ಕವಿದು. ಇದಕ್ಕೆ ಕೂಡುವುದು ಮತ್ತು ಕಳೆಯುವುದು ಬಂದರೆ ಸಾಕು.

1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲಿ ಸೇರಿ ಈ ಲೆಕ್ಕವನ್ನು ರೂಪಿಸಿದರು. ಅವರ ಚಿತ್ರದಲ್ಲಿ ಪ್ರತಿ ಕೆಲಸವೂ ಒಂದು ಬಾಣ. ಆದರೆ ಎಷ್ಟೋ ಕಡೆ ಸಂಬಂಧ ತೋರಿಸುವುದಕ್ಕೆಂದೇ ಇಲ್ಲದ ಕೆಲಸಗಳ ಹುಸಿ ಬಾಣಗಳನ್ನು ಎಳೆಯಬೇಕಾಗುತ್ತಿತ್ತು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫೊಂಡಾಲ್ ಕಟ್ಟಡ ಗುತ್ತಿಗೆದಾರರಿಗಾಗಿ ಕಂಪ್ಯೂಟರ್ ಬೇಡದ ವಿಧಾನವೊಂದನ್ನು ಬರೆದುಕೊಟ್ಟರು. ಅದರಲ್ಲಿ ಕೆಲಸ ಒಂದು ಸುತ್ತು, ಯಾವುದರ ನಂತರ ಯಾವುದು ಎಂದು ತೋರಿಸುವುದಷ್ಟೇ ಗೆರೆಯ ಪಾಲು. ಫ್ರಾನ್ಸಿನಲ್ಲಿ ಬರ್ನಾರ್ ರುವಾ ಕೂಡ ಅವರಿಗಿಂತ ಸ್ವಲ್ಪ ಮೊದಲು, ಸ್ವತಂತ್ರವಾಗಿ, ಇದೇ ದಾರಿ ಹಿಡಿದಿದ್ದರು. ಇಂದು ಬಳಕೆಯಲ್ಲಿ ಉಳಿದಿರುವುದು ಈ ಬಗೆಯೇ. ಇದನ್ನು ‘ಆಕ್ಟಿವಿಟಿ ಆನ್ ನೋಡ್’ ಎನ್ನುತ್ತಾರೆ.

ಒಂದು ಮಹಡಿ ಮನೆಯನ್ನೇ ತೆಗೆದುಕೊಳ್ಳೋಣ. ಗೋಡೆ ಎದ್ದಿದೆ, ಬಾಗಿಲು ಕಿಟಕಿಗಳ ಚೌಕಟ್ಟು ಕೂತಿದೆ, ತಾರಸಿ ಇನ್ನೂ ಆಗಬೇಕು. ಸೆಂಟ್ರಿಂಗ್ ಹೊಡೆದು ಕಬ್ಬಿಣ ಕಟ್ಟುವುದಕ್ಕೆ 8 ದಿನ. ಮೋಲ್ಡ್ ಹಾಕುವುದು 1 ದಿನ. ಆಮೇಲೆ ತಾರಸಿಗೆ ನೀರು ಕಟ್ಟಿ 14 ದಿನ ಕಾಯಬೇಕು. ಆನಿಕೆ ಕಂಬಗಳಿಲ್ಲದೆ ತನ್ನ ಭಾರ ತಾನೇ ಹೊರುವಷ್ಟು ಕಾಂಕ್ರೀಟು ಗಟ್ಟಿಯಾಗಬೇಕಲ್ಲ, 4.5 ಮೀಟರಿಗಿಂತ ಉದ್ದದ ಅಂತರವನ್ನು ದಾಟುವ ತಾರಸಿಗೆ ಭಾರತೀಯ ಮಾನಕ ಐಎಸ್ 456 ಹೇಳುವ ಕನಿಷ್ಠ ಅವಧಿ ಅದು. ಕಂಬಗಳನ್ನು ತೆಗೆದ ಮೇಲೆ ಗೋಡೆ ಕೊರೆದು ವೈರಿಂಗ್ ಪೈಪು ಕೂರಿಸಲು 4 ದಿನ, ಪ್ಲಾಸ್ಟರಿಂಗ್‌ಗೆ 12, ನೆಲಕ್ಕೆ ಟೈಲ್ಸ್ ಹಾಕಲು 6 ದಿನ.

ಇನ್ನೊಂದು ಕಡೆ ಮರದ ಕೆಲಸ. ಮರ ಆರಿಸಿ ತರಲು 5 ದಿನ, ಬಡಗಿ ಬಾಗಿಲು ಕಿಟಕಿಯ ಕದಗಳನ್ನು ಮಾಡಲು 20, ಮನೆಗೆ ತಂದು ಜೋಡಿಸಲು 3. ಜೋಡಿಸಬೇಕಾದರೆ ಕದಗಳು ಸಿದ್ಧವಿರಬೇಕು, ಪ್ಲಾಸ್ಟರಿಂಗ್ ಕೂಡ ಮುಗಿದಿರಬೇಕು. ಕೊನೆಗೆ ಬಣ್ಣಕ್ಕೆ 8 ದಿನ. ಅದು ಶುರುವಾಗಲು ಟೈಲ್ಸ್ ಮತ್ತು ಬಾಗಿಲು ಜೋಡಣೆ ಎರಡೂ ಆಗಿರಬೇಕು.

ಒಟ್ಟು ಹತ್ತು ಕೆಲಸ. ಹಾಳೆಯ ಮೇಲೆ ಹತ್ತು ಚೌಕ ಬರೆದು, ಒಳಗೆ ಕೆಲಸದ ಹೆಸರು ಮತ್ತು ದಿನ ಹಾಕಿ, ಯಾವುದು ಯಾವುದಕ್ಕೆ ಕಾಯಬೇಕೋ ಅದಕ್ಕೆ ಬಾಣ ಎಳೆಯಿರಿ. ತಾರಸಿಗೆ ನೀರು ಕಟ್ಟಿ ಕಾಯುವುದಕ್ಕೂ ಒಂದು ಚೌಕ ಬೇಕು. ಅಲ್ಲಿ ಕೂಲಿ ಬೀಳುವುದಿಲ್ಲ ನಿಜ, ದಿನ ಬೀಳುತ್ತದೆ.

ಈಗ ಎಡದಿಂದ ಬಲಕ್ಕೆ ಹೋಗೋಣ. ಮೊದಲ ಕೆಲಸ 0ಯಲ್ಲಿ ಶುರು. ಅದಕ್ಕೆ ಅದರ ದಿನಗಳನ್ನು ಕೂಡಿದರೆ ಮುಗಿಯುವ ದಿನ ಸಿಗುತ್ತದೆ. ಸೆಂಟ್ರಿಂಗ್ 8ಕ್ಕೆ ಮುಗಿಯಿತು ಎಂದರೆ ಎಂಟನೆಯ ದಿನದ ಸಂಜೆ. ಮೋಲ್ಡ್ ಮಾರನೆಯ ಬೆಳಗ್ಗೆ. ಹೀಗೆ ಮೋಲ್ಡ್ 9ಕ್ಕೆ, ಕಾಯುವುದು 23ಕ್ಕೆ, ಪೈಪು 27ಕ್ಕೆ, ಪ್ಲಾಸ್ಟರಿಂಗ್ 39ಕ್ಕೆ ಮುಗಿಯುತ್ತವೆ. ಮರದ ಸಾಲಿನಲ್ಲಿ ಬಡಗಿ 25ಕ್ಕೇ ಮುಗಿಸಿ ಕೂತಿರುತ್ತಾನೆ. ಬಾಗಿಲು ಜೋಡಣೆಗೆ ಎರಡು ಬಾಣ ಬರುತ್ತವೆ, ಒಂದು 25ರಿಂದ, ಇನ್ನೊಂದು 39ರಿಂದ. ಇಂಥ ಕಡೆ ದೊಡ್ಡದನ್ನು ಹಿಡಿಯಬೇಕು, ಎರಡನೆಯವನೂ ಬರುವತನಕ ಕಾಯಲೇಬೇಕಲ್ಲ. ಹಾಗಾಗಿ ಜೋಡಣೆ 39ಕ್ಕೆ ಶುರುವಾಗಿ 42ಕ್ಕೆ ಮುಗಿಯುತ್ತದೆ, ಟೈಲ್ಸ್ 39ರಿಂದ 45. ಬಣ್ಣ 45ಕ್ಕೆ ಆರಂಭವಾಗಿ 53ಕ್ಕೆ ಮುಗಿಯುತ್ತದೆ. ಹೀಗೆ ಪ್ರತಿ ಕೆಲಸಕ್ಕೂ ಸಿಕ್ಕಿದ್ದು ಅದರ ‘ಮುಂಚಿನ ಆರಂಭ’, ಅಂದರೆ ಅದಕ್ಕಿಂತ ಬೇಗ ಶುರುಮಾಡಲು ಸಾಧ್ಯವೇ ಇಲ್ಲದ ದಿನ.

ಇನ್ನು ಬಲದಿಂದ ಎಡಕ್ಕೆ ಬನ್ನಿ. 53ಕ್ಕೆ ಮನೆ ಮುಗಿಯಲೇಬೇಕು ಎಂದಿಟ್ಟುಕೊಂಡು, ಪ್ರತಿ ಕೆಲಸವನ್ನು ಎಷ್ಟು ತಡವಾಗಿ ಮುಗಿಸಿದರೂ ನಡೆದೀತು ಎಂದು ಕೇಳುತ್ತಾ ಬರಬೇಕು. ಈ ಸಲ ಕಳೆಯುವ ಲೆಕ್ಕ. ಬಣ್ಣ 45ಕ್ಕೆ ಶುರುವಾಗಲೇಬೇಕು, ಆದ್ದರಿಂದ ಟೈಲ್ಸಿಗೂ ಜೋಡಣೆಗೂ ‘ತಡದ ಮುಕ್ತಾಯ’ 45. ಜೋಡಣೆ 42ಕ್ಕೆ ಶುರುವಾದರೂ ಸಾಕು, ಟೈಲ್ಸ್ ಮಾತ್ರ 39ಕ್ಕೆ ಶುರುವಾಗಲೇಬೇಕು. ಪ್ಲಾಸ್ಟರಿಂಗ್‌ನಿಂದ ಈ ಎರಡಕ್ಕೂ ಬಾಣ ಹೋಗಿದೆ. ಹಿಂದಕ್ಕೆ ಬರುವಾಗ ಚಿಕ್ಕದನ್ನು ಹಿಡಿಯಬೇಕು, ಆದ್ದರಿಂದ ಅದು 39. ಬಡಗಿಯ ಕೆಲಸಕ್ಕೆ 42, ಮರ ತರುವುದಕ್ಕೆ 42ರಲ್ಲಿ 20 ಕಳೆದು 22.

ತಡದ ಮುಕ್ತಾಯದಲ್ಲಿ ಮುಂಚಿನ ಆರಂಭವನ್ನೂ ಕೆಲಸದ ದಿನಗಳನ್ನೂ ಕಳೆದರೆ ಉಳಿಯುವುದೇ ಫ್ಲೋಟ್, ಆ ಕೆಲಸಕ್ಕೆ ಇರುವ ಬಿಡುವು.

| ಕೆಲಸ | ದಿನ | ಮುಂಚಿನ ಆರಂಭ | ತಡದ ಮುಕ್ತಾಯ | ಫ್ಲೋಟ್ |
|---|---|---|---|---|
| ಸೆಂಟ್ರಿಂಗ್, ಕಬ್ಬಿಣ | 8 | 0 | 8 | 0 |
| ಮೋಲ್ಡ್ | 1 | 8 | 9 | 0 |
| ತಾರಸಿ ಕಾಯುವುದು | 14 | 9 | 23 | 0 |
| ವೈರಿಂಗ್ ಪೈಪು | 4 | 23 | 27 | 0 |
| ಪ್ಲಾಸ್ಟರಿಂಗ್ | 12 | 27 | 39 | 0 |
| ಟೈಲ್ಸ್ | 6 | 39 | 45 | 0 |
| ಮರ ತರುವುದು | 5 | 0 | 22 | 17 |
| ಕದ ಮಾಡುವುದು | 20 | 5 | 42 | 17 |
| ಬಾಗಿಲು ಜೋಡಣೆ | 3 | 39 | 45 | 3 |
| ಬಣ್ಣ | 8 | 45 | 53 | 0 |

ಸೊನ್ನೆ ಫ್ಲೋಟಿನ ಕೆಲಸಗಳು ಮೊದಲಿಂದ ಕೊನೆಯವರೆಗೆ ಒಂದೇ ಸರಪಳಿಯಾಗಿ ನಿಂತಿವೆ. ಇದೇ ಕ್ರಿಟಿಕಲ್ ಪಾತ್. ಹೆಚ್ಚು ಹಣ ಬೀಳುವ ಕೆಲಸ, ಹೆಚ್ಚು ಕಷ್ಟದ ಕೆಲಸ ಎಂದು ಇದರ ಅರ್ಥವಲ್ಲ. ದುಬಾರಿಯಾದ ಮರದ ಕೆಲಸ ಇದರ ಹೊರಗಿದೆ, ಸುಮ್ಮನೆ ಕಾಯುವ 14 ದಿನ ಒಳಗಿದೆ. ನನ್ನ ಅನುಭವದಲ್ಲಿ ಕಟ್ಟಿಸುವವರಿಗೆ ಒಪ್ಪಲು ಕಷ್ಟವಾಗುವುದು ಇದೇ. ಬಡಗಿಯನ್ನು ದಿನಾ ಫೋನು ಮಾಡಿ ಕಾಡುತ್ತಾರೆ, ಪೈಪಿನವನು ನಾಳೆ ಬರುತ್ತೇನೆಂದರೆ ‘ಆಯ್ತಪ್ಪ’ ಎಂದುಬಿಡುತ್ತಾರೆ.

ಇಲ್ಲಿಂದಾಚೆಗೆ ಲೆಕ್ಕ ಸೂಕ್ಷ್ಮವಾಗುತ್ತದೆ. ಪಟ್ಟಿಯಲ್ಲಿ ಮರ ತರಲು 17, ಕದ ಮಾಡಲು 17, ಜೋಡಿಸಲು 3 ಎಂದಿದೆ. ಮೂರನ್ನೂ ಕೂಡಿದರೆ 37 ದಿನ ಬಿಡುವು ಇದೆ ಎಂದು ಅನಿಸುತ್ತದೆ. ಇರುವುದು 17 ಮಾತ್ರ, ಅದೂ ಆ ಇಡೀ ಸಾಲಿಗೆ ಸೇರಿದ್ದು. ಮನೆಯ ಯಜಮಾನರು ತೇಗವೋ ಹೊನ್ನೆಯೋ ಎಂದು ತೀರ್ಮಾನಿಸಲಾಗದೆ ಹತ್ತು ದಿನ ಕಳೆದರೆ ಬಡಗಿಯ ಕೈಗೆ ಬರುವುದು 7. ಅವರು 17 ದಿನವನ್ನೂ ತಾವೇ ಕಳೆದರೆ ಬಡಗಿಗೆ ಒಂದು ದಿನವೂ ಇಲ್ಲ. ಕದಗಳು ಮುಗಿಯುವುದೇ 42ಕ್ಕಾದ್ದರಿಂದ ಜೋಡಿಸುವವರ 3 ದಿನವೂ ಹೋಯಿತು. ಅಷ್ಟು ಹೊತ್ತಿಗೆ ಕೆಲಸ ಕ್ರಿಟಿಕಲ್ ಆಗಿರುತ್ತದೆ, ಬೈಗುಳ ಮಾತ್ರ ಬಡಗಿಯ ಪಾಲಿಗೆ.

ಆದ್ದರಿಂದ ಪಳಗಿದ ಎಂಜಿನಿಯರು ಇನ್ನೊಂದು ಸಂಖ್ಯೆಯನ್ನೂ ಬರೆದಿಡುತ್ತಾರೆ: ಮುಂದಿನ ಯಾರ ದಿನವನ್ನೂ ತಿನ್ನದೆ ಈ ಕೆಲಸವೊಂದೇ ಬಳಸಿಕೊಳ್ಳಬಹುದಾದ ಬಿಡುವು. ಅದು ಫ್ರೀ ಫ್ಲೋಟ್. ಮುಂದಿನ ಕೆಲಸದ ಮುಂಚಿನ ಆರಂಭದಲ್ಲಿ ಈ ಕೆಲಸದ ಮುಂಚಿನ ಮುಕ್ತಾಯವನ್ನು ಕಳೆದರೆ ಸಿಗುತ್ತದೆ. ಮರ ತರುವವರಿಗೆ ಅದು 5ರಲ್ಲಿ 5 ಕಳೆದು ಸೊನ್ನೆ. ಬಡಗಿಗೆ 39ರಲ್ಲಿ 25 ಕಳೆದು 14. ಮರ ಹೊತ್ತಿಗೆ ಸರಿಯಾಗಿ ಬಂದರೆ ಆ 14 ದಿನ ನಿಜವಾಗಿಯೂ ಬಡಗಿಯವು, ಯಾರಿಗೂ ತೊಂದರೆಯಿಲ್ಲ. ಮರದ ಅಂಗಡಿಗೆ ಹೋಗುವವರ ಬಿಡುವೋ, ಪೂರ್ತಿ ಬೇರೆಯವರ ಜೇಬಿನಿಂದ ತೆಗೆದದ್ದು.

ಈ ಲೆಕ್ಕ ತಪ್ಪುವುದು ಕೂಡಿಸುವಲ್ಲಿ ಅಲ್ಲ, ಚಿತ್ರ ಬರೆಯುವಲ್ಲಿ. ಮೇಲಿನ ಚಿತ್ರದಲ್ಲೇ ಒಂದು ಚೌಕ ಕಾಣೆಯಾಗಿದೆ. ಪ್ಲಾಸ್ಟರಿಂಗ್ ಮುಗಿದ ಗೋಡೆ ಒಣಗದೆ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ. ಟೈಲ್ಸಿನ ಆರು ದಿನ ಅದಕ್ಕೆ ಸಾಲದು. ಒಣಗಲು 14 ದಿನ ಎಂಬ ಚೌಕವನ್ನು ಪ್ಲಾಸ್ಟರಿಂಗ್ ಮತ್ತು ಬಣ್ಣದ ನಡುವೆ ಸೇರಿಸಿ ನೋಡಿ. ಒಣಗುವುದು 39ರಿಂದ 53ರವರೆಗೆ, ಬಣ್ಣ ಮುಗಿಯುವುದು 61ಕ್ಕೆ. ಎಂಟು ದಿನ ಹೆಚ್ಚಾಯಿತು ಎಂಬುದಷ್ಟೇ ಆದರೆ ಚಿಂತೆಯಿರಲಿಲ್ಲ. ಕ್ರಿಟಿಕಲ್ ಪಾತ್ ಜಾಗ ಬದಲಿಸಿತು. ಟೈಲ್ಸಿನವರಿಗೆ ಈಗ 8 ದಿನ ಬಿಡುವು, ಜೋಡಣೆಗೆ 11, ಮರದ ಎರಡು ಕೆಲಸಕ್ಕೂ 25. ಹಳೆಯ ಚಿತ್ರವನ್ನು ನಂಬಿದವರು ಟೈಲ್ಸಿನವರಿಗೆ ಹೆಚ್ಚು ಕೂಲಿ ಕೊಟ್ಟು ಆರು ದಿನದ ಕೆಲಸವನ್ನು ನಾಲ್ಕಕ್ಕೆ ಮುಗಿಸಿಸಿದ್ದರೆ ಆ ಹಣ ನೀರಿಗೆ ಹಾಕಿದಂತೆಯೇ, ಮನೆ ಒಂದು ದಿನವೂ ಬೇಗ ಮುಗಿಯುತ್ತಿರಲಿಲ್ಲ.

ಭಾನುವಾರದ ತೊಡಕೂ ಇದೇ ಜಾತಿಯದು. ಇಲ್ಲಿ ಸುಲಭವಾಗಲೆಂದು ರಜೆಗಳನ್ನು ಬಿಟ್ಟಿದ್ದೇನೆ. ಕೆಲಸಗಾರರಿಗೆ ವಾರದ ರಜೆಯಿದೆ, ಕಾಂಕ್ರೀಟಿಗೆ ಇಲ್ಲ. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಎಣಿಸಿದರೆ 14 ದಿನದ ಕಾಯುವಿಕೆ ಸುಮ್ಮನೆ 16 ಆಗುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂಥ ತಂತ್ರಾಂಶದಲ್ಲಿ ಇಂಥ ಚೌಕಕ್ಕೆ `14d` ಎಂದು ಬರೆಯದೆ `14ed` ಎಂದು ಬರೆಯುತ್ತಾರೆ, ರಜೆಯನ್ನೂ ಸೇರಿಸಿ ಎಣಿಸು ಎಂದು.

ಬಾಣಗಳಿಗೆ ಆಳುಗಳ ವಿಷಯವೂ ಗೊತ್ತಿಲ್ಲ. ಟೈಲ್ಸ್ ಮತ್ತು ಬಾಗಿಲು ಜೋಡಣೆ ಎರಡೂ 39ಕ್ಕೇ ಶುರುವಾಗಬಹುದು ಎಂದು ಚಿತ್ರ ಹೇಳುತ್ತದೆ. ಹಸಿ ಟೈಲ್ಸಿನ ಮೇಲೆ ಬಡಗಿ ನಿಲ್ಲುವುದೆಲ್ಲಿ? ಟೈಲ್ಸ್ ಆದಮೇಲೇ ಜೋಡಣೆ ಎಂದು ಒಂದು ಬಾಣ ಹೆಚ್ಚಿಗೆ ಎಳೆಯಬೇಕು. ಮೊದಲ ಚಿತ್ರದಲ್ಲಿ ಅದರಿಂದ ಮನೆ ಮೂರು ದಿನ ತಡವಾಗುತ್ತಿತ್ತು. ಗೋಡೆ ಒಣಗುವ ಚೌಕವಿರುವ ಚಿತ್ರದಲ್ಲಿ ಜೋಡಣೆ 45ರಿಂದ 48ರವರೆಗೆ ನಡೆದು, ಬಣ್ಣಕ್ಕೆ ಮುಂಚೆ 5 ದಿನ ಇನ್ನೂ ಉಳಿಯುತ್ತದೆ.

ಹಾಗಾದರೆ ಬಡಗಿಗೆ ಯಾವ ತಾರೀಖು ಹೇಳಬೇಕು? ತಿದ್ದಿದ ಚಿತ್ರದ ಪ್ರಕಾರ ಆತ 50ಕ್ಕೆ ಕದ ಕೊಟ್ಟರೂ ನಡೆಯುತ್ತದೆ, ಆದರೆ ಟೈಲ್ಸ್ ಮುಗಿದು ಕದ ಜೋಡಿಸಲು ಜಾಗ ತೆರವಾಗುವುದು 45ಕ್ಕೆ. ನಾನಾದರೆ 45 ಎನ್ನುತ್ತೇನೆ. 25 ಎಂದು ಸುಳ್ಳು ಹೇಳಿ ಅವಸರಪಡಿಸಿದರೆ ಮಾಡಿದ ಕದಗಳು ಧೂಳು, ಸಿಮೆಂಟಿನ ನಡುವೆ ಇಪ್ಪತ್ತು ದಿನ ಬಿದ್ದಿರುತ್ತವೆ, ಹಣವೂ ಅಷ್ಟು ಬೇಗ ಕೈಬಿಡುತ್ತದೆ. 50 ಎಂದರೆ ಜೋಡಿಸುವವರ ಐದು ದಿನವನ್ನು ಅವರನ್ನು ಕೇಳದೆಯೇ ಕೊಟ್ಟುಬಿಟ್ಟಂತೆ. ಪ್ಲಾಸ್ಟರಿಂಗ್ ಮುಗಿದ ದಿನ ಹಾಳೆಯನ್ನು ಮತ್ತೆ ತೆಗೆದು, ನಿಜವಾಗಿ ಆದ ದಿನಗಳನ್ನು ಬರೆದು, ಮುಂದಿನದನ್ನು ಹೊಸದಾಗಿ ಕೂಡಿ ಕಳೆದು ನೋಡಬೇಕು. ಆ ಹೊತ್ತಿಗೆ ಬಡಗಿಯ ತಾರೀಖು ಬದಲಾಗಿದ್ದರೆ ಅವನಿಗೆ ಅದನ್ನು ಅಂದೇ ತಿಳಿಸಬೇಕು.